ತೊಂಬತ್ತೊಂಬತ್ತು ಕುರ್ಚಿಗಳ ದುಡ್ಡು

ಅವರಿಗೂ ಒಂದು ಹೆಸರಿದೆ. ನಮ್ಮ ಬೀದಿಯಲ್ಲಿ ಅದನ್ನು ಕರೆಯುವವರು ಯಾರೂ ಇಲ್ಲ, ಅಷ್ಟೇ. ಎಲ್ಲರಿಗೂ ಅವರು ಕುರ್ಚಿ ಮಾವ. ಅವರ ಜೊತೆ ಅಂಗಡಿ ನೋಡಿಕೊಳ್ಳುವವನು ಅವರ ಅಕ್ಕನ ಮಗ, ಅವನಿಗೆ ಅವರು ನಿಜವಾಗಿಯೂ ಸೋದರಮಾವ. ಉಳಿದ ನಾವೆಲ್ಲ ಆ ಸಂಬಂಧಕ್ಕೆ ನಾವಾಗಿಯೇ ಸೇರಿಕೊಂಡವರು. ಆ ಅಳಿಯನಿಗೂ ಹಾಗೆಯೇ, ಬೀದಿಗೆಲ್ಲ ಅಳಿಯ ಎಂದೇ ಹೆಸರಾಗಿ, ನಲವತ್ತು ದಾಟಿ ತಲೆ ನರೆತರೂ ಅದೇ ಉಳಿದಿದೆ.

ಮಾವನ ಕೆಲಸ ಹಳೆಯ ಕುರ್ಚಿಗೆ ಹೊಸ ಮೆತ್ತೆ ಹಾಕಿಕೊಡುವುದು. ಬಟ್ಟೆ ಕಿತ್ತು, ಕುಸಿದ ಸ್ಪಂಜು ತೆಗೆದು, ಅಡಿಯ ಪಟ್ಟಿಗಳನ್ನು ಬಿಗಿದು, ಹೊಸ ಸ್ಪಂಜಿಟ್ಟು, ಮೇಲೆ ರೆಕ್ಸಿನ್ನೋ ಬಟ್ಟೆಯೋ ಎಳೆದು ಮೊಳೆ ಹೊಡೆಯುವುದು. ಐವತ್ತು ವರ್ಷದಿಂದ ಇದೊಂದೇ ಕೆಲಸ. ಈ ಐವತ್ತು ವರ್ಷದಲ್ಲಿ ಅವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ: ಮುಗಿದ ಕುರ್ಚಿಯ ಮೇಲೆ ತಾವು ಕೂತು ಒಂದು ಲೋಟ ಟೀ ಕುಡಿಯದೆ ಅದನ್ನು ಅಂಗಡಿಯಿಂದ ಹೊರಗೆ ಬಿಡುವುದಿಲ್ಲ. ಟೀ ಮುಗಿಯುವಷ್ಟು ಹೊತ್ತಿನಲ್ಲಿ ಕುರ್ಚಿ ತನ್ನ ಬಣ್ಣ ತೋರಿಸುತ್ತದಂತೆ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ, ಯಾವ ಪಟ್ಟಿ ಸಡಿಲ, ಎಲ್ಲ ಬೆನ್ನಿಗೆ ಗೊತ್ತಾಗುತ್ತದಂತೆ. ಕೂತು ಎದ್ದ ಮೇಲೆ ಕುರ್ಚಿಯನ್ನು ಮಗುಚಿ ಅಡಿಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾರೆ. ಅದು ಪಾಸಾಯಿತು ಎಂಬ ಗುರುತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನನ್ನ ಕೋಣೆ ಅವರ ಅಂಗಡಿಯ ಎದುರಿಗೇ ಇದೆ. ಒಂದು ಮೇಜು, ಒಂದು ಕಂಪ್ಯೂಟರ್, ಮನಸ್ಸು ಬಂದರೆ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರ್. ಬೀದಿಯ ಸಣ್ಣಪುಟ್ಟ ವ್ಯಾಪಾರದವರ ಲೆಕ್ಕ ಬರೆಯುವುದು, ವರ್ಷಕ್ಕೊಮ್ಮೆ ಅವರ ತೆರಿಗೆ ರಿಟರ್ನ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ನನ್ನನ್ನು ಲೆಕ್ಕದಕ್ಕ ಅನ್ನುತ್ತಾರೆ. ಇಷ್ಟು ಹತ್ತಿರದಲ್ಲಿ ನಾನು ಕೂತಿದ್ದರೂ ಒಂದು ಮಾತು ಕೇಳದೆ, ಮಾವ–ಅಳಿಯ ಇಬ್ಬರೂ ಸೇರಿ, ಅಲ್ಲ, ಬೇರೆ ಬೇರೆಯಾಗಿ, ಎಂಥ ಎಡವಟ್ಟು ಮಾಡಿಕೊಂಡರು ಅನ್ನುವುದೇ ಈ ಕಥೆ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಜೊತೆಗೆ ನಗುವೂ ಬರುತ್ತದೆ.

ಆಗಸ್ಟ್‌ನಲ್ಲಿ ಅವರಿಗೆ ಬದುಕಿನ ಅತಿ ದೊಡ್ಡ ಕೆಲಸ ಸಿಕ್ಕಿತ್ತು. ಒಂದು ಕಂಪನಿಯ ಸಭಾಂಗಣದ ನೂರು ಕುರ್ಚಿ. ಸಾಮಾನು, ಕೂಲಿ, ಸಾಗಣೆ ಎಲ್ಲ ಸೇರಿ ಕುರ್ಚಿಗೆ ಎರಡು ಸಾವಿರದ ನಾನೂರು ರೂಪಾಯಿ. ಬಿಲ್ಲು ಎರಡು ಲಕ್ಷ ನಲವತ್ತು ಸಾವಿರ. ನಾಲ್ಕು ವಾರ ಅಂಗಡಿ, ಅಂಗಡಿಯ ಮುಂದಿನ ಜಗಲಿ, ಕೊನೆಗೆ ನನ್ನ ಬಾಗಿಲ ತನಕ ಕುರ್ಚಿಯೋ ಕುರ್ಚಿ. ಮಾವ ದಿನಕ್ಕೆ ನಾಲ್ಕು ಟೀ ಕುಡಿದರು. ಸಕ್ಕರೆ ಹಾಕಬೇಡಿ ಎಂದು ಮನೆಯಿಂದ ಅತ್ತೆ ಬಂದು ಟೀ ಅಂಗಡಿಯವನಿಗೆ ತಾಕೀತು ಮಾಡಿ ಹೋದರು.

ಕೆಲಸ ಮುಗಿಯಿತು, ಲಾರಿ ಬಂತು, ಕುರ್ಚಿಗಳು ಹೋದವು. ಸೆಪ್ಟೆಂಬರ್ ಕೊನೆಯ ವಾರ ಒಂದು ಮಧ್ಯಾಹ್ನ ಮಾವ ನನ್ನ ಕೋಣೆಗೆ ಬಂದು, ಬಾಗಿಲನ್ನು ಅರ್ಧ ಮುಚ್ಚಿ, ನಿಂತೇ ಮಾತಾಡಿದರು.

"ಏನಮ್ಮ, ಅಂಗಡಿನ ಅಳಿಯನ ಹೆಸರಿಗೆ ಮಾಡಬೇಕು ಅಂದ್ರೆ ಏನೇನು ಕಾಗದ ಬೇಕು?"

"ಯಾಕೆ ಮಾವ? ಯಾವುದಾದರೂ ಯಾತ್ರೆಗೆ ಹೊರಟ್ರಾ?"

"ತಮಾಷೆ ಬೇಡ. ನಾನು ಕೆಲಸ ಬಿಡ್ತಾ ಇದ್ದೀನಿ."

ನಾನು ಪೆನ್ನು ಕೆಳಗಿಟ್ಟೆ. ಈ ಮನುಷ್ಯ ಜ್ವರ ಬಂದರೂ ಅಂಗಡಿಗೆ ಬಂದು ಮೊಳೆ ಎಣಿಸುವವರು. ಕೂತುಕೊಳ್ಳಿ ಅಂದೆ. ಒಲ್ಲೆ ಅಂದರು. ಒತ್ತಾಯ ಮಾಡಿದ ಮೇಲೆ ಮೇಜಿನ ಅಂಚು ಹಿಡಿದು ಮೆಲ್ಲನೆ ಕೂತರು, ಆಮೇಲೆ ಬಾಯಿ ಬಿಟ್ಟರು. ಕಂಪನಿಯಿಂದ ದುಡ್ಡು ಬಂದಿದೆ, ಆದರೆ ತೊಂಬತ್ತೊಂಬತ್ತು ಕುರ್ಚಿಗಳದ್ದು ಮಾತ್ರ. ಒಂದು ಕುರ್ಚಿಯ ದುಡ್ಡು ಹಿಡಿದುಕೊಂಡಿದ್ದಾರೆ.

"ಯಾಕಂತೆ?"

"ಯಾಕಂತೆ ಅಂತ ಕೇಳೋದೇನಿದೆ? ಒಂದು ಕುರ್ಚಿ ಸರಿಯಿಲ್ಲ. ಯಾವ ಕುರ್ಚಿ ಅನ್ನೋದೂ ನನಗೆ ಗೊತ್ತು."

ನೂರನೆಯದು, ಅಂದರು. ಲಾರಿ ಬಂದ ದಿನ ತೊಂಬತ್ತೊಂಬತ್ತನೆಯ ಕುರ್ಚಿಯ ಮೇಲೆ ಕೂತು ಟೀ ಕುಡಿದರಂತೆ. ಏಳಲು ಹೋದರೆ ಮಂಡಿ ಏಳಗೊಡಲಿಲ್ಲ. ಅಳಿಯ ಒಳಗೆ ಹಗ್ಗ ಹುಡುಕುತ್ತಿದ್ದ. ಅವನ ಕಣ್ಣಿಗೆ ಬೀಳುವ ಮೊದಲು ಗೋಡೆ ಹಿಡಿದು, ಹಲ್ಲು ಕಚ್ಚಿ ಹೇಗೋ ಎದ್ದರಂತೆ. ಇನ್ನೊಂದು ಸಲ ಕೂತರೆ ಏಳಲಾರೆ ಅನ್ನುವುದು ಖಾತ್ರಿಯಾಯಿತು. ನೂರನೆಯ ಕುರ್ಚಿಯ ಮೇಲೆ ಕೂರದೆ, ಅಡಿಗೆ ಸುಳ್ಳು ಗೀಟೆಳೆದು ಕಳಿಸಿಬಿಟ್ಟರಂತೆ.

"ಐವತ್ತು ವರ್ಷದಲ್ಲಿ ಒಂದೇ ಒಂದು ಕುರ್ಚಿ ಮೇಲೆ ಕೂರದೆ ಕಳಿಸಿದೆ. ಅದೊಂದಕ್ಕೇ ದುಡ್ಡು ಬರಲಿಲ್ಲ. ಇದಕ್ಕಿಂತ ಇನ್ನೇನು ಬೇಕಮ್ಮ? ಕೂರೋಕೆ ಆಗದವನು ಕುರ್ಚಿ ಮಾಡಬಾರದು." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಳಿಯನಿಗೆ ಈ ಮಂಡಿ ವಿಷಯ ಹೇಳಿದರೆ ನನ್ನಾಣೆ."

ಹೇಳಲ್ಲ ಅಂದೆ. ಆದರೂ ನನ್ನ ಕಸುಬಿನ ಚಾಳಿ ಬಿಡಬೇಕಲ್ಲ, ಬಿಲ್ಲು ಮತ್ತು ಪಾಸ್‌ಬುಕ್ ತನ್ನಿ ಅಂದೆ. ಬಿಲ್ಲು ಎರಡು ಲಕ್ಷ ನಲವತ್ತು ಸಾವಿರ. ಬ್ಯಾಂಕಿಗೆ ಬಂದದ್ದು ಎರಡು ಲಕ್ಷ ಮೂವತ್ತೇಳು ಸಾವಿರದ ಆರುನೂರು. ಕಮ್ಮಿ ಬಂದದ್ದು ಎರಡು ಸಾವಿರದ ನಾನೂರು. ಹೌದು, ಒಂದು ಕುರ್ಚಿಯ ಬೆಲೆ. ನೂರರಲ್ಲಿ ಒಂದು.

ನೂರಕ್ಕೆ ಒಂದು! ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಮಾವನ ಮುಖ ಕೆಂಪಾಯಿತು.

"ಮಾವ, ಇದು ಕುರ್ಚಿ ಅಲ್ಲ, ತೆರಿಗೆ. ಟಿಡಿಎಸ್ ಅಂತಾರೆ. ನಿಮ್ಮಂಥವರ ಹತ್ತಿರ ದೊಡ್ಡ ಮೊತ್ತದ ಕೆಲಸ ಮಾಡಿಸಿದರೆ ಕಂಪನಿಯವರು ನೂರಕ್ಕೆ ಒಂದು ರೂಪಾಯಿ ಮುರಿದುಕೊಂಡು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಅದು ಕಾನೂನು. ಕುರ್ಚಿ ನೂರು ಇದ್ದದ್ದಕ್ಕೆ ನೂರರಲ್ಲಿ ಒಂದು ಪಾಲು ಅಂದ್ರೆ ಒಂದು ಕುರ್ಚಿ ಬೆಲೆಗೆ ಸರಿಹೋಯ್ತು. ಕುರ್ಚಿ ಇನ್ನೂರು ಇದ್ದಿದ್ದರೆ ಎರಡು ಕುರ್ಚಿ ದುಡ್ಡು ಕಮ್ಮಿ ಬರ್ತಿತ್ತು."

"ಇಷ್ಟು ವರ್ಷ ಯಾರೂ ಮುರಿದಿಲ್ಲವಲ್ಲ?"

"ಇಷ್ಟು ವರ್ಷ ನಿಮ್ಮ ಗಿರಾಕಿಗಳು ಎರಡು ಕುರ್ಚಿ ತರೋರು, ಒಂದು ಸೋಫಾ ತರೋರು. ಮನೆಯವರು. ಅವರು ಯಾಕೆ ಮುರೀತಾರೆ?"

ಮಾವ ಬಿಲ್ಲು, ಪಾಸ್‌ಬುಕ್ ಎತ್ತಿಕೊಂಡರು. "ನನಗೆ ಬೇಜಾರಾಗಬಾರದು ಅಂತ ಕಥೆ ಕಟ್ತಾ ಇದ್ದೀಯ" ಎಂದು ಎದ್ದು ಹೋದರು. ಎದ್ದದ್ದೂ ಮೇಜು ಹಿಡಿದೇ.

ನಾನು ರಸ್ತೆ ದಾಟಿ ಅಳಿಯನ ಹತ್ತಿರ ಹೋದೆ. ಲೆಕ್ಕದ ಪುಸ್ತಕ ತೆಗೆಸಿದೆ. ಅವನು ಆಗಲೇ ನೀಟಾಗಿ ಬರೆದಿಟ್ಟಿದ್ದ: 'ಕಂಪನಿಯಿಂದ ಬಂದದ್ದು 2,37,600. ಒಂದು ಕುರ್ಚಿ ಬಾಬ್ತು ಬಿಟ್ಟದ್ದು 2,400. ಲೆಕ್ಕ ಚುಕ್ತಾ.'

"ಒಂದು ಕುರ್ಚಿ ಬಾಬ್ತು ಅಂತ ನಿನಗೆ ಯಾರಪ್ಪ ಹೇಳಿದರು? ಕಂಪನಿಗೆ ಫೋನ್ ಮಾಡಿ ಕೇಳಿದೆಯಾ?"

"ಇಲ್ಲ ಅಕ್ಕ." ಅಳಿಯ ಕತ್ತರಿಯನ್ನು ಒರೆಸುತ್ತ ನಿಂತ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

"ಕೇಳೋಕೆ ಏನು ಬಂದಿತ್ತು ನಿನಗೆ?"

"ಹೋಗಲಿ ಬಿಡಿ ಅಕ್ಕ. ಎರಡು ಸಾವಿರದ ನಾನೂರಕ್ಕೆ ಯಾಕೆ ತಕರಾರು. ಅವರು ಮುಂದೆ ಇನ್ನೂ ಕೆಲಸ ಕೊಡಬಹುದು."

ಅಂಗಡಿಗೆ ಒಂದು ಮೀಟರ್ ಬಟ್ಟೆ ಕಮ್ಮಿ ಬಂದರೆ ಮೂರು ಸಲ ಫೋನ್ ಮಾಡುವ ಆಸಾಮಿ ಇವನು. ಇದರಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಿತು. ಅವನು ಮಾತ್ರ ಕತ್ತರಿ ಒರೆಸುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಹೋದೆ. ಮೂರನೆಯ ಮಹಡಿ, ಫೈಲುಗಳ ವಾಸನೆ, ತಲೆಯ ಮೇಲೆ ಗರಗರ ಅನ್ನುವ ಫ್ಯಾನು. ಅಲ್ಲಿನ ಗುಮಾಸ್ತೆ ಚುರುಕು ಹೆಂಗಸು. ಹೆಸರು ಹೇಳುವ ಮೊದಲೇ "ಕುರ್ಚಿ ಬಿಲ್ಲಾ?" ಎಂದು ಕೇಳಿ, ಪಾವತಿ ಚೀಟಿಯ ಪ್ರತಿ ತೆಗೆದು ಮುಂದಿಟ್ಟರು. ಒಟ್ಟು ಬಿಲ್ಲು 2,40,000. ಮೂಲದಲ್ಲಿ ಕಡಿತವಾದ ತೆರಿಗೆ ನೂರಕ್ಕೆ ಒಂದರಂತೆ 2,400. ಬ್ಯಾಂಕಿಗೆ ಹಾಕಿದ್ದು 2,37,600.

"ಈ ಚೀಟಿನ ದುಡ್ಡು ಹಾಕಿದ ದಿನವೇ ಈಮೇಲ್ ಮಾಡಿದ್ದೆವಲ್ಲ ಸಾರ್?" ಅಂದರು.

ಅಂಗಡಿಯ ಈಮೇಲ್ ತೆರೆಯುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಎಂದು ನಾನು ಅವರಿಗೆ ಹೇಳಲಿಲ್ಲ. ಪಾನ್ ನಂಬರ್ ತೋರಿಸಿ ಅಂದೆ. ಕೊಟೇಶನ್ ಜೊತೆ ಕೊಟ್ಟದ್ದು ಮಾವನದೇ. ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಹೊಂದಿಸಿ ನೋಡಿದೆ, ಸರಿಯಾಗಿತ್ತು. ಅದು ತಪ್ಪಿದ್ದರೆ ಕಟ್ಟಿದ ತೆರಿಗೆ ಇನ್ನೊಬ್ಬರ ಖಾತೆ ಸೇರಿ, ತಿದ್ದುಪಡಿ ಅಂತ ಇವರ ಹಿಂದೆ ಅಲೆಯಬೇಕಾಗುತ್ತಿತ್ತು. ಪಾನ್ ನಂಬರ್ ಕೊಟ್ಟೇ ಇರದಿದ್ದರೆ ನೂರಕ್ಕೆ ಒಂದಲ್ಲ, ಇಪ್ಪತ್ತು ಮುರಿಯುತ್ತಿದ್ದರು. ಆಗ ಮಾವ ಇಪ್ಪತ್ತು ಕುರ್ಚಿ ಕೆಟ್ಟವು ಅಂದುಕೊಂಡು ಏನಾಗುತ್ತಿದ್ದರೋ, ಆ ಯೋಚನೆಯೇ ಬೇಡ.

"ಇದು ಸರ್ಕಾರದ ದಾಖಲೆಯಲ್ಲಿ ಯಾವಾಗ ಕಾಣುತ್ತೆ?" ಎಂದು ಕೇಳಿದೆ.

"ತೆರಿಗೆ ದುಡ್ಡು ಮುಂದಿನ ತಿಂಗಳು ಏಳನೇ ತಾರೀಕಿನೊಳಗೆ ಕಟ್ಟಿಬಿಡ್ತೀವಿ. ಆದರೆ ಯಾರ್ಯಾರ ಹೆಸರಲ್ಲಿ ಎಷ್ಟೆಷ್ಟು ಅನ್ನೋ ವಿವರ ಮೂರು ತಿಂಗಳಿಗೊಮ್ಮೆ ಸಲ್ಲಿಸೋದು. ಈ ಸಲದ್ದು ಅಕ್ಟೋಬರ್ ಕೊನೆಗೆ. ನವೆಂಬರ್‌ನಲ್ಲಿ ನೋಡಿ, ಬಂದಿರುತ್ತೆ. ಸರ್ಟಿಫಿಕೇಟೂ ಕಳಿಸ್ತೀವಿ."

 ಈಗ ಮಾವ ಮುಂದಕ್ಕೆ ಬಾಗಿದರು. "ಅಮ್ಮಾ, ಕುರ್ಚಿ ಎಲ್ಲ ಸರಿ ಇದ್ದಾವಾ?"

"ಚೆನ್ನಾಗಿವೆ ಸಾರ್. ಯಾಕೆ?"

"ನೂರೂ?"

"ನೂರೂ ಸಾರ್."

ಇಷ್ಟಾದ ಮೇಲೂ ಮುದುಕರು ನಂಬಲಿಲ್ಲ ಅಂದರೆ ನೀವು ನಂಬುತ್ತೀರಾ? ಆಟೋದಲ್ಲಿ ವಾಪಸು ಬರುವಾಗ ಅಂದರು, "ಆಯಮ್ಮ ಮರ್ಯಾದಸ್ಥೆ, ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳಾ? ಸರ್ಕಾರದ ಪುಸ್ತಕದಲ್ಲಿ ನೂರು ಕುರ್ಚಿ ದುಡ್ಡು ಅಂತ ಬರಲಿ, ಆಗ ನೋಡೋಣ." ನನಗೆ ರೇಗಿಹೋಯಿತು. ಸರ್ಕಾರಕ್ಕೆ ಕುರ್ಚಿ ಎಣಿಸುವ ಕೆಲಸವಿಲ್ಲ, ಅಲ್ಲಿ ಮೊತ್ತ ಮಾತ್ರ ಇರುತ್ತದೆ, ಅಂದೆ. ಮೊತ್ತವೇ ಸಾಕು, ಭಾಗಾಕಾರ ನನಗೂ ಬರುತ್ತೆ, ಅಂದರು.

ಅಳಿಯನ ಪುಸ್ತಕದಲ್ಲಿ ನಾನು ಅವತ್ತೇ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದೆ: ಬಿಲ್ಲು 2,40,000, ಬ್ಯಾಂಕಿಗೆ ಬಂದದ್ದು 2,37,600, ಕಂಪನಿ ಕಡಿತ ಮಾಡಿದ ಟಿಡಿಎಸ್, ಸರ್ಕಾರದಿಂದ ನಮಗೆ ಸೇರಬೇಕಾದ್ದು, 2,400, ಕಂಪನಿಯಿಂದ ಬಾಕಿ ಏನೂ ಇಲ್ಲ.

"ಎರಡು ರೀತಿಯಲ್ಲೂ ಬಾಕಿ ಸೊನ್ನೆನೇ ಅಲ್ವಾ ಅಕ್ಕ? ಏನು ವ್ಯತ್ಯಾಸ?"

"ಭೂಮಿಗೂ ಆಕಾಶಕ್ಕೂ ಇರೋ ವ್ಯತ್ಯಾಸ. ನೀನು ಬರೆದ ಹಾಗೆ ಬಿಟ್ಟರೆ ಆ ದುಡ್ಡು ಹೋಯ್ತು. ವರ್ಷದ ಆದಾಯ ಕಮ್ಮಿ ತೋರಿಸ್ತೀವಿ, ಸರ್ಕಾರದ ದಾಖಲೇಲಿ ಎರಡು ಲಕ್ಷ ನಲವತ್ತು ಅಂತಲೇ ಇರುತ್ತೆ, ಯಾಕೆ ತಾಳೆಯಾಗಲಿಲ್ಲ ಅಂತ ನೋಟಿಸ್ ಬರುತ್ತೆ. ನಾನು ಬರೆಸಿದ ಹಾಗಾದರೆ ಪೂರ್ತಿ ಬಿಲ್ಲು ಆದಾಯಕ್ಕೆ ಹೋಗುತ್ತೆ. ಈ ಎರಡು ಸಾವಿರದ ನಾನೂರು, ಮಾವ ಆಗಲೇ ಕಟ್ಟಿದ ತೆರಿಗೆ ಅಂತ ಲೆಕ್ಕಕ್ಕೆ ಬರುತ್ತೆ. ವರ್ಷದ ಕೊನೆಗೆ ಅವರಿಗೆ ತೆರಿಗೆ ಬಂದರೆ ಅದರಲ್ಲಿ ಕಳೀತಾರೆ, ಬರದಿದ್ದರೆ ರಿಟರ್ನ್ ಹಾಕಿದ ಮೇಲೆ ವಾಪಸ್ ಕೊಡ್ತಾರೆ. ತಿಳೀತಾ?"

"ಅಂದ್ರೆ ಕುರ್ಚಿ ಕೆಟ್ಟಿರಲಿಲ್ಲ" ಅಂದ ಅಳಿಯ. ನಾನು ಅಷ್ಟುದ್ದ ಹೇಳಿದ್ದರಲ್ಲಿ ಅವನಿಗೆ ಬೇಕಾಗಿದ್ದು ಅದೊಂದೇ. ಒಂದು ದೊಡ್ಡ ಉಸಿರು ಬಿಟ್ಟು, ಅಂಗೈಯಲ್ಲಿ ಮುಖ ಒರೆಸಿಕೊಂಡ.

ಮಾವ ಮಾತ್ರ ಹಟ ಬಿಡಲಿಲ್ಲ. ಅಕ್ಟೋಬರ್ ಇಡೀ ಅಂಗಡಿಗೆ ಕಾಲಿಡಲಿಲ್ಲ. ಮನೆಯಲ್ಲಿ ಕೂತು ಅತ್ತೆಯ ಪ್ರಾಣ ತೆಗೆದರು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಸರಿಯಿದ್ದ ಬಾಗಿಲಿನ ಕೀಲು ಬಿಚ್ಚಿ ಮತ್ತೆ ಹಾಕಿದರು, ಆಮೇಲೆ ಬಾಗಿಲು ಮುಚ್ಚಿಕೊಳ್ಳಲೇ ಇಲ್ಲ. ಅತ್ತೆ ನನ್ನ ಕೋಣೆಗೆ ಬಂದು, "ಅದೇನೋ ಸರ್ಕಾರದ ಪುಸ್ತಕವಂತಲ್ಲ, ಅದನ್ನ ಬೇಗ ತರಿಸೇ ತಾಯಿ, ನಿನಗೆ ಪುಣ್ಯ ಬರುತ್ತೆ" ಎಂದು ಕೈಮುಗಿದರು. ಎದುರು ಅಂಗಡಿಯಲ್ಲಿ ಅಳಿಯ ಒಬ್ಬನೇ ಕೆಲಸ ಮಾಡುತ್ತಿದ್ದ. ಮಾವ ಕೂತು ಹೊಲಿಯುತ್ತಿದ್ದ ಮೂಲೆಯಲ್ಲಿ ಅವನು ಏನೂ ಇಡಲಿಲ್ಲ. ಅಂಚು ಹೊಲಿಯಬೇಕಾದ ಎರಡು ಸೋಫಾ ಹಾಗೆಯೇ ಕಾಯುತ್ತಿದ್ದವು. ಆ ಹೊಲಿಗೆ ಇಷ್ಟು ವರ್ಷವಾದರೂ ಅವನ ಕೈಗೆ ಹತ್ತಿರಲಿಲ್ಲ.

ನವೆಂಬರ್ ಮೊದಲ ವಾರದಿಂದ ನಾನು ದಿನಾ ಬೆಳಿಗ್ಗೆ ತೆರಿಗೆ ಇಲಾಖೆಯ ತಾಣದಲ್ಲಿ ಮಾವನ ಖಾತೆ ತೆರೆದು, ಅವರ ವಾರ್ಷಿಕ ತೆರಿಗೆ ವಿವರದ ಪಟ್ಟಿ ನೋಡತೊಡಗಿದೆ. ಮೊದಲ ದಿನ ಇಲ್ಲ. ಎರಡನೆಯ ದಿನ ಇಲ್ಲ. ಮಾವ ಸಾಯಂಕಾಲ ಫೋನ್ ಮಾಡಿ "ಬಂತಾ?" ಅನ್ನುವರು, ನಾನು "ಇಲ್ಲ" ಅನ್ನುವೆ, ಅವರು "ಹೂಂ" ಎಂದು ಇಟ್ಟುಬಿಡುವರು. ಆ ಒಂದು 'ಹೂಂ'ನಲ್ಲಿ ನಾನು ಹೇಳಿದ್ದೆಲ್ಲ ಸುಳ್ಳು ಅನ್ನುವ ಅರ್ಥ ಇರುತ್ತಿತ್ತು. ಐದನೆಯ ದಿನ ಪಟ್ಟಿಯಲ್ಲಿ ಒಂದು ಸಾಲು ಬಂದು ಕೂತಿತ್ತು. ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಮಾವನನ್ನೂ ಅಳಿಯನನ್ನೂ ಒಟ್ಟಿಗೆ ಕರೆಸಿದೆ. ಪ್ರಿಂಟರ್‌ಗೆ ಅವತ್ತು ಮನಸ್ಸು ಬಂತು. ಕಾಗದ ತೆಗೆದು ಮಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿದರು. ಕಂಪನಿಯ ಹೆಸರು. ಕೊಟ್ಟ ಮೊತ್ತ 2,40,000. ಕಡಿತವಾದ ತೆರಿಗೆ 2,400. ಜಮಾ ಆದ ತೆರಿಗೆ 2,400.

"ಕೊಟ್ಟ ಮೊತ್ತ ಅಂದ್ರೆ?"

"ಅವರು ನಿಮ್ಮ ಕೆಲಸಕ್ಕೆ ಕೊಟ್ಟದ್ದು ಮಾವ. ಪೂರ್ತಿ. ಭಾಗಾಕಾರ ಮಾಡಿ ನೋಡಿ."

ಮಾವ ಮೇಲೆ ನೋಡುತ್ತ ತುಟಿ ಅಲ್ಲಾಡಿಸಿದರು. ಎರಡು ಲಕ್ಷ ನಲವತ್ತು ಸಾವಿರವನ್ನು ಎರಡು ಸಾವಿರದ ನಾನೂರರಿಂದ ಅವರು ನಿಜವಾಗಿಯೂ ಭಾಗಿಸಿದರು. ಆಮೇಲೆ ಕನ್ನಡಕ ತೆಗೆದರು. ಕಣ್ಣು ತುಂಬಿತ್ತು.

"ನೂರು" ಅಂದರು. ತಡೆಯಲಾಗಲಿಲ್ಲ ಅವರಿಗೆ, ನನಗೆ ಆಣೆ ಹಾಕಿ ಮುಚ್ಚಿಟ್ಟದ್ದನ್ನು ತಾವೇ ಹೊರಹಾಕಿಬಿಟ್ಟರು. "ನೋಡಪ್ಪ, ನಿನಗೆ ಒಂದು ವಿಷಯ ಹೇಳಿಲ್ಲ. ಆ ನೂರನೇ ಕುರ್ಚಿ ಮೇಲೆ ನಾನು ಕೂತಿರಲಿಲ್ಲ. ನನ್ನ ಮಂಡಿ ಹೋಗಿದೆ. ಕೂತರೆ ಏಳೋಕೆ ಆಗಲ್ಲ ಅಂತ ಸುಮ್ಮನೆ ಗೀಟೆಳೆದೆ."

ಅಳಿಯ ನೆಲ ನೋಡಿದ. "ಗೊತ್ತು ಮಾವ. ನೀವು ಗೋಡೆ ಹಿಡಿದು ಎದ್ದದ್ದು, ಕೂರದೆ ಗೀಟೆಳೆದದ್ದು, ಎರಡೂ ನೋಡಿದೆ."

"ನೋಡಿದೆಯಾ? ಮತ್ತೆ ಯಾಕೋ ಹೇಳಲಿಲ್ಲ?"

"ಹೆಂಗೆ ಹೇಳಲಿ? ಅದಕ್ಕೇ ಲಾರೀಲಿ ಆ ಕುರ್ಚಿ ಮೇಲೆ ನಾನು ಕೂತೆ. ಇಲ್ಲಿಂದ ಅಲ್ಲಿ ತನಕ, ಮುಕ್ಕಾಲು ಗಂಟೆ. ರಸ್ತೆ ತುಂಬ ಗುಂಡಿ. ಪಟ್ಟಿ ಬಿಗಿ ಇದೆ, ಎಲ್ಲೂ ಒತ್ತಲ್ಲ, ಸರಿ ಇದೆ ಅಂತ ನಾನೇ ಪಾಸು ಮಾಡಿ ಇಳಿಸಿದೆ. ಆಮೇಲೆ ದುಡ್ಡು ಕಮ್ಮಿ ಬಂತಲ್ಲ, ನಾನು ಪಾಸು ಮಾಡಿದ್ದೇ ತಪ್ಪಾಯ್ತು ಅಂದುಕೊಂಡೆ. ಇಪ್ಪತ್ತು ವರ್ಷ ನಿಮ್ಮ ಹತ್ತಿರ ಕಲಿತೂ ಒಂದು ಕುರ್ಚಿ ಮೇಲೆ ಸರಿಯಾಗಿ ಕೂರೋಕೆ ಬರಲಿಲ್ಲವಲ್ಲ ಅಂತ ನಾಚಿಕೆ ಆಯ್ತು. ಯಾವ ಮುಖ ಇಟ್ಕೊಂಡು ಕಂಪನಿಗೆ ಫೋನ್ ಮಾಡಲಿ?"

 ನನಗೆ ಇಬ್ಬರನ್ನೂ ಬೈಯಬೇಕು ಅನ್ನಿಸಿತು. ಮಾವ ಕುರ್ಚಿಯಿಂದ ಏಳಲು ನೋಡಿದರು. ಮಂಡಿ ಏಳಗೊಡಲಿಲ್ಲ. ಈ ಸಲ ಅವರು ಮೇಜಿನ ಕಡೆಗೂ ಗೋಡೆಯ ಕಡೆಗೂ ನೋಡಲಿಲ್ಲ. ಅಳಿಯನ ಕಡೆ ಕೈ ಚಾಚಿದರು. ಅವನು ಹಿಡಿದು ಎಬ್ಬಿಸಿದ.

"ಇನ್ನು ಮೇಲೆ ಕೂರೋದು ನಿನ್ನ ಕೆಲಸ" ಅಂದರು ಮಾವ. "ಗೀಟೂ ನೀನೇ ಎಳಿ. ಈಗ ನಡಿ, ಆ ಸೋಫಾಗಳ ಅಂಚು ಹೊಲೀಬೇಕು."